ಗುಣವಾದ ಕಥೆ ಹೇಳುವಾಗ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಡಿಪ್ರೆಶನ್ ಬಂದು, 14 ತಿಂಗಳು ಚಿಕಿತ್ಸೆ ತೆಗೆದುಕೊಂಡು ಚೇತರಿಸಿಕೊಂಡವಳು. ಆಮೇಲೆ ಆ ಕಥೆಯನ್ನು ಹಲವು ಕಡೆ ಹೇಳಿದ್ದೇನೆ. ಕೆಲವು ಸಲ ಚೆನ್ನಾಗಿ ಹೇಳಿದೆ, ಒಂದು ಸಲ ಕೆಟ್ಟದಾಗಿ ಹೇಳಿದೆ. ಈಗ ತಮ್ಮ ಕಥೆ ಹೇಳಲು ಹೊರಟವರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಡಿಪ್ರೆಶನ್‌ದೇ, ಯಾಕೆಂದರೆ ನನಗೆ ಗೊತ್ತಿರುವುದು ಅದೇ.

ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಎಲ್ಲವನ್ನೂ ಹೇಳಲೇಬೇಕಾ?

ಬೇಡ. ನಿಮ್ಮ ಕಾಯಿಲೆ ನಿಮ್ಮದು. ಕೇಳುವವರಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಒಂದು ಮಾತೂ ಹೇಳದೆ ಇದ್ದರೂ ನೀವು ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಆದರೆ ಬಾಯಿ ತೆರೆದು "ನಾನು ಹೀಗೆ ಗುಣ ಆದೆ" ಅಂದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. "ಹೀಗೆ" ಅನ್ನುವ ಆ ಒಂದು ಪದವನ್ನು ಕೇಳುವವರು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಕೂತಿರುವ ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಅದೇ ಕಾಯಿಲೆ ಇರುತ್ತದೆ, ಇಲ್ಲವೇ ಅವರ ಮನೆಯಲ್ಲಿ ಯಾರಿಗೋ ಇರುತ್ತದೆ. ಅವರಿಗೆ ನಿಮ್ಮದು ಬರೀ ಕಥೆ ಅಲ್ಲ, ದಾರಿ.

ನಾನು ಎಡವಿದ್ದು ಇಲ್ಲೇ. ಮೊದಲ ಸಲ ಒಂದು ಸಣ್ಣ ಸಭೆಯಲ್ಲಿ ಮಾತಾಡುವಾಗ ಬೆಳಗಿನ ನಡಿಗೆ ಬಗ್ಗೆ ಹೇಳಿದೆ, ಡೈರಿ ಬರೆದಿದ್ದು ಹೇಳಿದೆ, ಒಬ್ಬ ಗೆಳತಿ ದಿನಾ ಸಂಜೆ ಫೋನ್ ಮಾಡುತ್ತಿದ್ದಳು ಅಂತ ಹೇಳಿದೆ. ಎಲ್ಲವೂ ನಿಜವೇ. ಮಾತ್ರೆ ತಗೊಂಡಿದ್ದನ್ನು ಮಾತ್ರ ಬಿಟ್ಟೆ. ನಾಚಿಕೆ ಆಗುತ್ತಿತ್ತು, ಅಷ್ಟೇ ಕಾರಣ. ಎರಡು ತಿಂಗಳಾದ ಮೇಲೆ ಅವತ್ತು ಅಲ್ಲಿದ್ದ ಒಬ್ಬ ಹೆಂಗಸು ಸಿಕ್ಕಿದರು. "ನೀವು ಮಾತ್ರೆ ಇಲ್ದೇ ಹುಷಾರಾದ್ರಲ್ಲ, ನಾನೂ ನಿಲ್ಲಿಸಿಬಿಟ್ಟೆ" ಅಂದರು. ಒಂದೇ ಸಲ ನಿಲ್ಲಿಸಿದ್ದರು. ತಲೆ ತಿರುಗಿ, ನಿದ್ದೆ ಹೋಗಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತಂತೆ. ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟಾಗ ಹೀಗಾಗುವುದು ಹೊಸದಲ್ಲ. ಅದಕ್ಕೇ ವೈದ್ಯರು ಡೋಸ್ ಅನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅವರು ಮತ್ತೆ ತಮ್ಮ ವೈದ್ಯರ ಹತ್ತಿರ ಹೋದರು, ಸರಿಹೋದರು. ನಾನು ಮಾತ್ರ ಆ ದಿನ ಮನೆಗೆ ಬಂದು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ನಾನು ಒಂದೇ ಒಂದು ಸುಳ್ಳು ಹೇಳಿರಲಿಲ್ಲ, ಗಮನಿಸಿ.

ಹಾಗಾದರೆ ಯಾವುದನ್ನು ಹೇಳದೆ ಇದ್ದರೆ ತಪ್ಪಿಲ್ಲ, ಯಾವುದನ್ನು ಬಿಟ್ಟರೆ ಮೋಸ?

ನಾನು ಈಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ನಾನು ಬಿಟ್ಟ ವಿಷಯ ಕೇಳುಗರಿಗೆ ನಾಳೆ ಗೊತ್ತಾದರೆ, ಅವರು ಬೇರೆ ಥರ ನಡೆದುಕೊಳ್ಳುತ್ತಿದ್ದರಾ?

ನನ್ನ ಕೆಲಸ ಹೋಯಿತಾ ಇಲ್ಲವಾ, ಯಾವ ಜಗಳದ ಮೇಲೆ ಇದು ಶುರುವಾಯಿತು, ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಇದ್ದೆ, ಇದು ಯಾವುದು ಗೊತ್ತಾದರೂ ಅವರ ಚಿಕಿತ್ಸೆ ಬದಲಾಗುವುದಿಲ್ಲ. ಕುತೂಹಲ ತಣಿಯುತ್ತದೆ ಅಷ್ಟೇ. ಅದನ್ನೆಲ್ಲ ಆರಾಮಾಗಿ ಬಿಡಿ. ಮಾತ್ರೆಯ ವಿಷಯ ಹಾಗಲ್ಲ. ಅದು ಗೊತ್ತಿದ್ದರೆ ಆ ಹೆಂಗಸು ತಮ್ಮ ಮಾತ್ರೆ ನಿಲ್ಲಿಸುತ್ತಿರಲಿಲ್ಲ.

ಸುಮ್ಮನಿರುವುದು ಬೇರೆ, ಇರುವುದನ್ನು ಬೇರೆಯಾಗಿ ತೋರಿಸುವುದು ಬೇರೆ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ 2024ರಲ್ಲಿ ಸಿಕ್ಕಿತು. ಬ್ರಿಟನ್ನಿನ ರಾಜಕುಮಾರಿ ಕ್ಯಾಥರಿನ್ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದರು. ಏನು ಕಾಯಿಲೆ ಅಂತ ಅರಮನೆ ಹೇಳಲಿಲ್ಲ. ಊಹಾಪೋಹ ಹಬ್ಬಿತು, ಆದರೂ ಅವರನ್ನು ಸುಳ್ಳುಗಾರರು ಅನ್ನಲು ಯಾರಿಗೂ ಆಧಾರ ಇರಲಿಲ್ಲ. ಮಾರ್ಚ್ 10ರಂದು ಮಕ್ಕಳ ಜೊತೆಗಿನ ಒಂದು ಫೋಟೊ ಹೊರಬಂತು. ಅದನ್ನು ತಿದ್ದಲಾಗಿದೆ ಅಂತ ಕಂಡುಹಿಡಿದು ದೊಡ್ಡ ಸುದ್ದಿಸಂಸ್ಥೆಗಳು ಹಿಂದಕ್ಕೆ ಪಡೆದವು. ಮರುದಿನ ಅವರೇ ಕ್ಷಮೆ ಕೇಳಬೇಕಾಯಿತು. ತಿಂಗಳುಗಟ್ಟಲೆ ಮೌನ ಮಾಡದ ಹಾನಿಯನ್ನು ಒಂದು ತಿದ್ದಿದ ಫೋಟೊ ಮಾಡಿತು. ಮಾರ್ಚ್ 22ರ ವಿಡಿಯೊದಲ್ಲಿ ಅವರು ಕ್ಯಾನ್ಸರ್ ಇತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು, ಕಿಮೋಥೆರಪಿ ಶುರುವಾಗಿದೆ ಅಂದರು. ಯಾವ ಕ್ಯಾನ್ಸರ್ ಅಂತ ಹೇಳಲಿಲ್ಲ. ತಮ್ಮ ಕುಟುಂಬಕ್ಕೆ ಸ್ವಲ್ಪ ಸಮಯ ಮತ್ತು ಖಾಸಗಿತನ ಬೇಕು ಅಂದರು. ಹೇಳಿದ್ದು ನಿಜ, ಹೇಳದ್ದು ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಬಹುತೇಕ ಜನ ಒಪ್ಪಿಕೊಂಡರು.

ಮಾತ್ರೆ ತಗೊಂಡಿದ್ದನ್ನು ಹೇಳೋಕೆ ನನಗೆ ಇಷ್ಟವೇ ಇಲ್ಲ. ಆದರೂ ಕಥೆ ಹೇಳಬಹುದಾ?

ಹೇಳಬಹುದು. ಇಲ್ಲಿ ಎರಡು ದಾರಿ ಇದೆ. ಒಂದೋ ಮಾತ್ರೆ ಬಗ್ಗೆ ಹೇಳಿ, ಇಲ್ಲವೇ "ಹೀಗೆ ಗುಣ ಆದೆ" ಅನ್ನುವ ಮಾತನ್ನು ಕೈಬಿಡಿ. ಮಾತ್ರೆಯನ್ನು ಮುಚ್ಚಿಟ್ಟು ಕೀರ್ತಿಯನ್ನು ನಡಿಗೆಗೆ ಕೊಡುವ ಮೂರನೆಯ ದಾರಿ ಮಾತ್ರ ಇಲ್ಲ.

ನನ್ನದೇ ಮಾತನ್ನು ಬಿಡಿಸಿ ತೋರಿಸುತ್ತೇನೆ. ಮೊದಲ ಸಲ ನಾನು ಹೇಳಿದ್ದು ಹೀಗಿತ್ತು:

"ದಿನಾ ಬೆಳಿಗ್ಗೆ ನಡೆಯೋಕೆ ಶುರು ಮಾಡಿದೆ. ಡೈರಿ ಬರೆದೆ. ನಿಧಾನಕ್ಕೆ ಮನಸ್ಸು ತಿಳಿಯಾಯಿತು. ಆರು ತಿಂಗಳಲ್ಲಿ ಮೊದಲಿನ ಹಾಗಾದೆ."

ಈಗ ಹೇಳುವುದು ಹೀಗೆ:

"ಮನೋವೈದ್ಯರು ಮಾತ್ರೆ ಬರೆದುಕೊಟ್ಟರು. ಮೊದಲ ಎರಡು ವಾರ ಹೊಟ್ಟೆ ತೊಳೆಸಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಮೂರನೇ ವಾರದಲ್ಲಿ ನಿದ್ದೆ ಹತ್ತಿತು. ಐದನೇ ವಾರದ ಹೊತ್ತಿಗೆ ಹಾಸಿಗೆ ಬಿಟ್ಟು ಏಳೋಕೆ ಆಯಿತು. ನಡಿಗೆ ಶುರುವಾಗಿದ್ದು ಅದಾದ ಮೇಲೆ. ಜೊತೆಗೆ ಕೌನ್ಸೆಲಿಂಗ್ ನಡೆಯುತ್ತಿತ್ತು. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ."

ವಾರಗಳ ಲೆಕ್ಕ ಬಂದ ಕೂಡಲೇ ಕಥೆಯ ಮುಖವೇ ಬದಲಾಯಿತು, ಅಲ್ವಾ? ಇಂಥ ಮಾತ್ರೆಗಳು ಪರಿಣಾಮ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ವಾರದಲ್ಲೇ "ಇದು ನನಗಾಗಲ್ಲ" ಅಂತ ಬಿಡುವವರು ಬಹಳ. ಅವರಿಗೆ ಆ "ಎರಡು ವಾರ ಏನೂ ಗೊತ್ತಾಗಲಿಲ್ಲ" ಅನ್ನುವ ವಾಕ್ಯ ಮೊದಲ ಆವೃತ್ತಿಯ ಎಲ್ಲ ಮಾತಿಗಿಂತ ಉಪಯೋಗದ್ದು. ನಡಿಗೆಯಿಂದ ಏನೂ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ವ್ಯಾಯಾಮದಿಂದ ಖಿನ್ನತೆಗೆ ಸಹಾಯ ಆಗುತ್ತದೆ. ಆದರೆ ಹಾಸಿಗೆಯಿಂದ ಏಳಲು ಆಗದವರಿಗೆ "ನಡೀರಿ" ಅನ್ನುವುದು ಎಂಥ ಮಾತು ಅಂತ ನನಗೆ ಚೆನ್ನಾಗಿ ಗೊತ್ತು.

ಮಾತ್ರೆ ಬಗ್ಗೆ ಹೇಳಲು ಇಷ್ಟವಿಲ್ಲದವರಿಗೆ ಇನ್ನೊಂದು ರೂಪ ಇದೆ:

"ನಾನು ಚಿಕಿತ್ಸೆ ತಗೊಂಡೆ. ಅದರ ವಿವರ ನನ್ನಲ್ಲೇ ಇರಲಿ. ಇವತ್ತು ಹೇಳುತ್ತಿರುವುದು ಚಿಕಿತ್ಸೆಯ ಜೊತೆಗೆ ಏನು ಮಾಡಿದೆ ಅಂತ. ಚಿಕಿತ್ಸೆಯ ಬದಲು ಮಾಡಿದ್ದಲ್ಲ ಇದು."

ನಾಲ್ಕೇ ವಾಕ್ಯ. ಮಾತ್ರೆ ಅನ್ನುವ ಪದವೇ ಬಂದಿಲ್ಲ, ಆದರೂ ಯಾರೂ ದಾರಿ ತಪ್ಪುವುದಿಲ್ಲ. "ಜೊತೆಗೆ" ಮತ್ತು "ಬದಲು", ಈ ಎರಡು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ.

ಮಾತ್ರೆಯ ಹೆಸರು, ಡೋಸ್ ಹೇಳಬೇಕಾ?

ನಾನು ಹೇಳುವುದಿಲ್ಲ. ಇದು ನಾಚಿಕೆಗಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ, ಮತ್ತೆ ಅವರು ಈಗಾಗಲೇ ತಗೊಳ್ಳುತ್ತಿರುವ ಬೇರೆ ಔಷಧಿಯ ಜೊತೆ ಅದು ಹೊಂದದೆ ಇರಬಹುದು. ಹೆಸರು ಹೇಳಿದರೆ ಯಾರಾದರೂ ಬರೆದುಕೊಂಡೇ ಹೋಗುತ್ತಾರೆ, ಕಣ್ಣಾರೆ ನೋಡಿದ್ದೇನೆ. "ಹೆಸರು ನಿಮ್ಮ ಡಾಕ್ಟರನ್ನು ಕೇಳಿ" ಅಂದರೆ ಸಾಕು.

ತೂಕ ಇಳಿಸಿದವರು, ಊಟದ ಕಾಯಿಲೆಯಿಂದ ಹೊರಬಂದವರು ಅಂಕಿಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. "ನಾನು ಇಷ್ಟು ಕಿಲೋಗೆ ಇಳಿದಿದ್ದೆ" ಅನ್ನುವುದು ಅದೇ ಕಾಯಿಲೆ ಇರುವ ಇನ್ನೊಬ್ಬರಿಗೆ ಎಚ್ಚರಿಕೆಯಾಗಿ ಕೇಳಿಸದೆ ಗುರಿಯಾಗಿ ಕೇಳಿಸಬಹುದು.

ಗೆರೆ ಎಲ್ಲಿ ಎಳೆಯೋದು ಅಂತ ತೀರ್ಮಾನ ಮಾಡೋದು ಹೇಗೆ? ಮಾತಾಡ್ತಾ ಮಾತಾಡ್ತಾ ಜಾಸ್ತಿ ಹೇಳಿಬಿಡ್ತೀನಿ.

ಮಾತಾಡುತ್ತಾ ತೀರ್ಮಾನ ಮಾಡಲು ಹೋದರೆ ಆಗುವುದೇ ಇದು. ಎದುರಿಗಿರುವವರ ಕಣ್ಣಲ್ಲಿ ನೀರು ಬಂದರೆ ನಾವು ಇನ್ನೊಂದು ಹೆಜ್ಜೆ ಒಳಗೆ ಕರೆದುಕೊಂಡು ಹೋಗುತ್ತೇವೆ. ಮನುಷ್ಯರ ಸ್ವಭಾವ. ಅದಕ್ಕೇ ಗೆರೆಯನ್ನು ಮನೆಯಲ್ಲೇ, ಒಬ್ಬರೇ ಇದ್ದಾಗ ಎಳೆದುಕೊಳ್ಳಬೇಕು.

ಮೊದಲು ಯಾರಿಗೂ ತೋರಿಸದ ಒಂದು ಪ್ರತಿ ಬರೆಯಿರಿ. ಅದರಲ್ಲಿ ಎಲ್ಲವೂ ಇರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮಗಾದ ಆಘಾತದ ಬಗ್ಗೆ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅನುಭವ ಮತ್ತು ಭಾವನೆ ಎರಡನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಉಳಿದವರಿಗಿಂತ ಕಡಿಮೆ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ ವಿಷಯ. ಅವರು ಬರೆದಿದ್ದು ಊರಿಗೆಲ್ಲ ಓದಿ ಹೇಳಲು ಅಲ್ಲ. ಹೊರಗೆ ಹಾಕುವ ಕೆಲಸ ಕಾಗದವೇ ಮಾಡಿಕೊಟ್ಟರೆ, ಆಮೇಲೆ ಮೈಕ್ ಮುಂದೆ ನಿಂತಾಗ ಆ ಒತ್ತಡ ಇರುವುದಿಲ್ಲ.

ನಂತರ ಮೂರು ಬಣ್ಣದ ಪೆನ್ನು ತಗೊಳ್ಳಿ. ಯಾರಿಗೆ ಬೇಕಾದರೂ ಹೇಳಬಹುದು ಅನ್ನುವ ವಾಕ್ಯದ ಕೆಳಗೆ ಹಸಿರು. ಎದುರಿಗಿರುವವರನ್ನು ನೋಡಿಕೊಂಡು ಹೇಳಬೇಕು ಅನ್ನುವುದಕ್ಕೆ ನೀಲಿ. ಯಾರಿಗೂ ಇಲ್ಲ ಅನ್ನುವುದಕ್ಕೆ ಕೆಂಪು. ನನ್ನ ಪ್ರತಿ ಏಳು ಪುಟ ಇತ್ತು. ಹಸಿರು ಒಂದೂವರೆ ಪುಟಕ್ಕೆ ಇಳಿಯಿತು. ಅದೇ ಈಗ ನಾನು ಹೇಳುವ ಕಥೆ.

ಬಣ್ಣ ಹಾಕುವಾಗ ಒಂದು ಗುರುತು ನೋಡಿಕೊಳ್ಳಿ. ಆ ವಾಕ್ಯವನ್ನು ಜೋರಾಗಿ ಓದುವಾಗ ಗಂಟಲು ಕಟ್ಟಿದರೆ, ಕೈ ತಣ್ಣಗಾದರೆ, ಆ ಗಾಯ ಇನ್ನೂ ಹಸಿಯಾಗಿದೆ. ಈಗ ಅದು ಕೆಂಪು. ವರ್ಷ ಕಳೆದ ಮೇಲೆ ಮತ್ತೆ ಓದಿ. ನನ್ನ ಎರಡು ಕೆಂಪು ವಾಕ್ಯ ನೀಲಿಯಾಗಿವೆ. ಒಂದು ಹಸಿರು ಕೆಂಪಾಗಿದೆ. ಅದು ನಾನು ಎಣಿಸಿರಲಿಲ್ಲ.

ಆತ್ಮಹತ್ಯೆಯ ಯೋಚನೆ ಬಂದಿತ್ತು. ಅದನ್ನು ಹೇಳಬಹುದಾ?

ಬಂದಿತ್ತು ಅಂತ ಹೇಳಬಹುದು. ಹೇಗೆ, ಎಲ್ಲಿ, ಯಾವುದರಿಂದ ಅನ್ನುವುದನ್ನು ಹೇಳಬೇಡಿ. ಇದೊಂದು ಗೆರೆ ಮಾತ್ರ ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಇದು ನಿಮ್ಮ ರಕ್ಷಣೆಗಲ್ಲ, ಕೇಳುವವರ ರಕ್ಷಣೆಗೆ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲೂ ವಿಧಾನವನ್ನು, ಜಾಗವನ್ನು ವಿವರಿಸಬೇಡಿ ಅಂತ ಇದೆ. ವಿವರ ಓದಿದವರಲ್ಲಿ ಕೆಲವರು ಅದನ್ನೇ ಅನುಕರಿಸುವ ಅಪಾಯ ನಿಜವಾದದ್ದು.

ಹಾಗಂತ ಪೂರ್ತಿ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಪತ್ರಿಕೆಗಳ ವರದಿಗಳನ್ನು ಪರಿಶೀಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ಸಾಯುವ ಯೋಚನೆ ಬಂದು, ಆ ಕಷ್ಟವನ್ನು ಬೇರೆ ರೀತಿಯಲ್ಲಿ ದಾಟಿದವರ ಬಗ್ಗೆ ವರದಿ ಬಂದ ಮೇಲೆ ಆತ್ಮಹತ್ಯೆ ಪ್ರಮಾಣ ಇಳಿದಿದ್ದು ಅವರಿಗೆ ಕಂಡಿತು. ಮೊಜಾರ್ಟನ ಒಂದು ಸಂಗೀತ ನಾಟಕದಲ್ಲಿ ಹೀಗೇ ಬದುಕುಳಿಯುವ ಪಾತ್ರದ ಹೆಸರಿನಿಂದ ಇದಕ್ಕೆ ಪಪಾಗೆನೋ ಪರಿಣಾಮ ಅಂತ ಹೆಸರಿಟ್ಟರು. ಅಂದರೆ ಕಥೆಯ ತೂಕ ಎಲ್ಲಿ ಬೀಳಬೇಕು ಅಂತ ಗೊತ್ತಾಯಿತಲ್ಲ. ಆ ಘಳಿಗೆಗೆ ಒಂದೇ ವಾಕ್ಯ, ಅದನ್ನು ದಾಟಿದ್ದಕ್ಕೆ ಹತ್ತು ವಾಕ್ಯ. ಯಾರಿಗೆ ಫೋನ್ ಮಾಡಿದಿರಿ, ಅವರು ಎಷ್ಟು ಹೊತ್ತಿಗೆ ಬಂದರು, ಮರುದಿನ ವೈದ್ಯರ ಹತ್ತಿರ ಮೊದಲು ಬಾಯಿಂದ ಬಂದ ಮಾತು ಏನು, ಇದನ್ನೆಲ್ಲ ಧಾರಾಳವಾಗಿ ಹೇಳಿ.

ಇದನ್ನು ಓದುವಾಗಲೇ ನಿಮಗೆ ಅಂಥ ಯೋಚನೆ ಇದ್ದರೆ ಕಥೆ ಬರೆಯುವ ಕೆಲಸ ಪಕ್ಕಕ್ಕಿಡಿ. ಈಗಲೇ ನಂಬುವವರೊಬ್ಬರಿಗೆ, ವೈದ್ಯರಿಗೆ ಇಲ್ಲವೇ ಸಹಾಯವಾಣಿಗೆ ಫೋನ್ ಮಾಡಿ.

ನನ್ನ ಕಥೆಯಲ್ಲಿ ಮನೆಯವರೂ ಬರ್ತಾರೆ. ಅವರ ಬಗ್ಗೆ ಎಷ್ಟು ಹೇಳಬಹುದು?

ಅವರು ಏನು ಮಾಡಿದರು ಅಂತ ಹೇಳುವಾಗಲೂ ಕೇಳಿ ಹೇಳಿ. ಅವರಿಗೆ ಏನಿತ್ತು ಅಂತ ಅವರ ಒಪ್ಪಿಗೆ ಇಲ್ಲದೆ ಹೇಳಲೇಬೇಡಿ.

ಇದರಲ್ಲಿ ಗೊತ್ತಾಗದೆ ಜಾರುವ ಒಂದು ಜಾಗ ಇದೆ. "ನಮ್ಮ ವಂಶದಲ್ಲೇ ಇದೆ" ಅನ್ನುವ ಮಾತು. ನನ್ನ ಬಾಯಲ್ಲೂ ಒಂದು ಸಲ ಬಂತು. ಮನೆಗೆ ಬಂದ ಮೇಲೆ ತಂಗಿ ಕೇಳಿದಳು, "ಅಕ್ಕಾ, ಅದರಲ್ಲಿ ನನ್ನನ್ನೂ ಸೇರಿಸಿಬಿಟ್ಟೆಯಲ್ಲ?" ಅವಳಿಗೆ ಆಗ ಸಂಬಂಧ ನೋಡುತ್ತಿದ್ದರು. ನಾನು ನನ್ನ ಬಗ್ಗೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ. ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳಲ್ಲಿ ಇದು ಇನ್ನೂ ನೇರ. ಉದಾಹರಣೆಗೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ BRCA1 ಜೀನಿನ ದೋಷ ಒಬ್ಬರಲ್ಲಿದ್ದರೆ, ಒಡಹುಟ್ಟಿದವರಲ್ಲೂ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ನಿಮ್ಮ ಪರೀಕ್ಷೆಯ ಫಲಿತಾಂಶ ಹೇಳಿದರೆ ಅವರ ಫಲಿತಾಂಶವನ್ನೂ ಅರ್ಧ ಹೇಳಿದ ಹಾಗೆ.

ಕೇಳುವಾಗ "ನಿನ್ನ ಬಗ್ಗೆ ಹೇಳಲಾ?" ಅಂತ ಸುಮ್ನೆ ಕೇಳಬೇಡಿ. ಹೂಂ ಅಂದುಬಿಡುತ್ತಾರೆ. ಹೇಳಲಿರುವ ವಾಕ್ಯವನ್ನೇ ಓದಿ ತೋರಿಸಿ. ತಂಗಿ ನನ್ನ ಒಂದೂವರೆ ಪುಟದಲ್ಲಿ ಎರಡು ಕಡೆ ಗೀಟು ಹಾಕಿದಳು. ಒಂದರಲ್ಲಿ ಅವಳ ಕಾಲೇಜು ವರ್ಷ ಇತ್ತು. ಅಷ್ಟರಿಂದ ಯಾರು ಅಂತ ಗೊತ್ತಾಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಎದುರಿಗೆ ನೇರವಾಗಿ ಕೇಳಿಬಿಟ್ಟರೆ ಏನು ಮಾಡೋದು?

ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೆಂಪು ಬಣ್ಣದ ಪ್ರತಿ ವಿಷಯಕ್ಕೂ ಒಂದೇ ಉತ್ತರ ಸಾಕು. ನನ್ನದು ಇದು: "ಅದನ್ನು ನಾನು ಹೇಳುವುದಿಲ್ಲ. ಬೇರೆ ಏನಾದರೂ ಕೇಳಿ." ಕಾರಣ ಕೊಡುವುದಿಲ್ಲ. ಕಾರಣ ಕೊಟ್ಟರೆ ಅದರ ಮೇಲೆ ವಾದ ಶುರುವಾಗುತ್ತದೆ. "ಮನೆಯವರಿಗೆ ಬೇಜಾರಾಗುತ್ತೆ" ಅಂದರೆ "ಅವರು ಇಲ್ಲಿಲ್ಲವಲ್ಲ, ಹೇಳಿ" ಅನ್ನುತ್ತಾರೆ.

ಇನ್ನು ಕಷ್ಟದ ಭಾಗಕ್ಕೆ ಬರೋಣ. ಯಾರೋ ಕೇಳುತ್ತಾರೆ, "ಆಸ್ಪತ್ರೆಗೆ ಸೇರಿದ್ರಾ?" ನೀವು ಸೇರಿರಲಿಲ್ಲ, "ಇಲ್ಲ" ಅಂದಿರಿ. "ಶಾಕ್ ಟ್ರೀಟ್‌ಮೆಂಟ್ ಕೊಟ್ರಾ?" ಅದೂ "ಇಲ್ಲ" ಅಂದಿರಿ. "ಏನಾದ್ರೂ ಮಾಡಿಕೊಂಡುಬಿಟ್ಟಿದ್ರಾ?" ಈಗ "ಅದನ್ನು ಹೇಳುವುದಿಲ್ಲ" ಅಂದರೆ ಹೌದು ಅಂದ ಹಾಗೇ ಆಯಿತು. ಮೊದಲ ಎರಡು ಇಲ್ಲಗಳೇ ಮೂರನೆಯದನ್ನು ಬಯಲು ಮಾಡಿದವು. ಆದ್ದರಿಂದ ಬಾಗಿಲು ಹಾಕುವುದಾದರೆ ಇಡೀ ಕೋಣೆಗೆ ಹಾಕಬೇಕು. ಆಸ್ಪತ್ರೆಯ ಪ್ರಶ್ನೆ ಬಂದಾಗಲೇ, ಉತ್ತರ ಸಲೀಸಾಗಿದ್ದರೂ ಸರಿ, "ಕಾಯಿಲೆ ಜೋರಾಗಿದ್ದ ದಿನಗಳ ವಿವರಕ್ಕೆ ನಾನು ಹೋಗುವುದಿಲ್ಲ" ಅನ್ನಿ. ಆಗ ಮುಂದಿನ ಪ್ರಶ್ನೆ ಯಾವುದೇ ಆಗಲಿ, ನಿಮ್ಮ ಮೌನದಿಂದ ಏನೂ ತಿಳಿಯುವುದಿಲ್ಲ. ಇದನ್ನು ಕಲಿಯಲು ನನಗೆ ಎರಡು ಸಭೆ ಬೇಕಾಯಿತು.

ಇಕ್ಕಟ್ಟಿನಲ್ಲಿ ಸಿಕ್ಕಿ ಸುಳ್ಳು ಹೇಳಿದಿರಿ ಅಂದುಕೊಳ್ಳಿ. ಆಗಿಬಿಡುತ್ತದೆ. ನಿಮ್ಮನ್ನು ಹಿಂಸೆ ಮಾಡಿಕೊಳ್ಳಬೇಡಿ, ಆದರೆ ಆ ಸುಳ್ಳಿನ ಮೇಲೆ ಇನ್ನೊಂದು ಕಟ್ಟಬೇಡಿ. ಮುಂದಿನ ಸಲದಿಂದ ಆ ವಿಷಯವನ್ನು ಕೆಂಪಿಗೆ ಹಾಕಿ.

ಗುರುತು ಸಿಗದ ಹಾಗೆ ವಿವರ ಬದಲಾಯಿಸಬಹುದಾ?

ಬದಲಾಯಿಸುವುದಕ್ಕಿಂತ ಬಿಡುವುದು ಒಳ್ಳೆಯದು. "ನನ್ನ ಸಹೋದ್ಯೋಗಿ" ಅನ್ನುವ ಬದಲು "ಒಬ್ಬ ಪರಿಚಯದವರು" ಅಂದರೆ ಸುಳ್ಳೂ ಆಗಲಿಲ್ಲ, ಗುರುತೂ ಸಿಗಲಿಲ್ಲ. ಬದಲಾಯಿಸಲೇಬೇಕಾದರೆ "ಕೆಲವು ವಿವರ ಬದಲಿಸಿದ್ದೇನೆ" ಅಂತ ಮೊದಲೇ ಹೇಳಿ. ಕಾಯಿಲೆಯ ಲಕ್ಷಣ, ಎಷ್ಟು ಸಮಯ ಹಿಡಿಯಿತು, ಚಿಕಿತ್ಸೆ, ಈ ಮೂರನ್ನು ಮಾತ್ರ ಮುಟ್ಟಬೇಡಿ. 14 ತಿಂಗಳನ್ನು ನಾಲ್ಕು ತಿಂಗಳು ಮಾಡಿದರೆ, ಐದನೇ ತಿಂಗಳಲ್ಲಿ ಇನ್ನೂ ಒದ್ದಾಡುತ್ತಿರುವವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ.

ರಿಪೋರ್ಟು, ಫೋಟೊ ತೋರಿಸಿದರೆ ಜನ ನಂಬ್ತಾರೆ ಅಲ್ವಾ?

ನಂಬುತ್ತಾರೆ. ಜೊತೆಗೆ ನೀವು ಹೇಳದೆ ಬಿಟ್ಟಿದ್ದನ್ನೂ ಓದಿಕೊಳ್ಳುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ರೋಗಿಯ ನಂಬರ್, ಹುಟ್ಟಿದ ದಿನ, ವೈದ್ಯರ ಹೆಸರು, ಬಾರ್‌ಕೋಡ್, ಹಳೆಯ ಕಾಯಿಲೆಗಳ ಪಟ್ಟಿ ಎಲ್ಲವೂ ಇರುತ್ತದೆ. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಗೀಚಿದರೆ ಸಾಲದು. ಆ ಮಸಿ ಅರೆಪಾರದರ್ಶಕ, ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಮೇಲೆ ಬರಬಹುದು. PDF ಮೇಲೆ ಕಪ್ಪು ಚೌಕ ಇಟ್ಟರೂ ಅಷ್ಟೇ, ಕೆಳಗಿನ ಪಠ್ಯ ಹಲವು ಸಲ ಹಾಗೇ ಉಳಿದು ಕಾಪಿ ಮಾಡಲು ಸಿಗುತ್ತದೆ. ತೋರಿಸಲೇಬೇಕಾದರೆ ಬೇಕಾದ ಒಂದು ಸಾಲನ್ನು ಮಾತ್ರ ಕತ್ತರಿಸಿ, ಅದರ ಸ್ಕ್ರೀನ್‌ಶಾಟ್ ತೆಗೆದು, ಅದನ್ನೇ ಬಳಸಿ. ಫೋನಿನಲ್ಲಿ ತೆಗೆದ ಫೋಟೊದ ಫೈಲಿನೊಳಗೆ ದಿನಾಂಕ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗವೂ ಕೂತಿರುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಆ ಜಾಗದ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ.

ನಿಜ ಹೇಳಬೇಕೆಂದರೆ, ನಾನು ಒಂದು ಕಾಗದವನ್ನೂ ತೋರಿಸುವುದಿಲ್ಲ. ನಂಬದವರು ನಂಬದೆ ಇರಲಿ.

ನನ್ನ ಕಥೆಯನ್ನು ಬೇರೆಯವರು ಬರೀತಾರೆ, ರೆಕಾರ್ಡ್ ಮಾಡ್ತಾರೆ. ಆಗ?

ರೆಕಾರ್ಡರ್ ಆನ್ ಆಗುವ ಮೊದಲು ಒಪ್ಪಂದ ಮಾಡಿಕೊಳ್ಳಿ. ವಿಷಯ ಹೇಳಿಯಾದ ಮೇಲೆ "ಇದು ಬರೀಬೇಡಿ" ಅಂದರೆ ಅದನ್ನು ಪಾಲಿಸಬೇಕು ಅಂತ ಅವರಿಗೇನೂ ಇಲ್ಲ. ಹೇಳುವ ಮೊದಲು ಹೇಳಬೇಕು, ಅವರು ಸರಿ ಅನ್ನಬೇಕು. ಹೆಸರು ಇರುತ್ತದಾ, ಮುಖ ಕಾಣುತ್ತದಾ, ಎಷ್ಟು ದಿನ ಉಳಿಯುತ್ತದೆ, ಬೇರೆ ಕಡೆಯೂ ಬಳಸುತ್ತಾರಾ ಅಂತ ಕೇಳಿ. ಪ್ರಕಟಣೆಗೆ ಮೊದಲು ಇಡೀ ಲೇಖನ ತೋರಿಸಲು ಹಲವರು ಒಪ್ಪುವುದಿಲ್ಲ. ನಿಮ್ಮ ಮಾತು ಅಂತ ಹಾಕಿರುವ ಭಾಗವನ್ನು, ವೈದ್ಯಕೀಯ ವಿವರಗಳನ್ನು ಓದಿ ಹೇಳಲು ಸಾಮಾನ್ಯವಾಗಿ ಒಪ್ಪುತ್ತಾರೆ.

ತಲೆಬರಹ ಮಾತ್ರ ಬೇರೆ ಯಾರೋ ಹಾಕುತ್ತಾರೆ. "ಮಾತ್ರೆಯಿಲ್ಲದೆ ಗೆದ್ದಳು" ಅನ್ನುವಂಥದ್ದು ಬಂದರೆ ಅವತ್ತೇ ಫೋನ್ ಮಾಡಿ ತಿದ್ದಿಸಿ.

"ಪೂರ್ತಿ ಗುಣ ಆಗಿದೀನಿ" ಅನ್ನಬಹುದಾ?

ನಾನು "ಈಗ ಚೆನ್ನಾಗಿದ್ದೇನೆ" ಅನ್ನುತ್ತೇನೆ. ಡಿಪ್ರೆಶನ್ ಒಂದು ಸಲ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜೀವನದಲ್ಲಿ ಮತ್ತೊಮ್ಮೆ ಬರುತ್ತದೆ. ಅದಕ್ಕೇ ಚೆನ್ನಾಗಿ ಅನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ 14 ತಿಂಗಳಲ್ಲಿ ಕೊನೆಯ ಎಂಟು, ಹುಷಾರಾದ ಮೇಲಿನವು. ಇದನ್ನು ಹೇಳಿದಾಗ ಸಭೆಯಲ್ಲಿ ಯಾರಾದರೂ ತಲೆ ಎತ್ತಿ ನೋಡುತ್ತಾರೆ. ಹೆಚ್ಚಾಗಿ ಅವರೇ ಆಮೇಲೆ ಬಂದು ಮಾತಾಡಿಸುವುದು.

"ಗೆದ್ದೆ" ಅನ್ನುವ ಪದಕ್ಕೂ ನನ್ನ ತಕರಾರಿದೆ. ನಾಳೆ ಮರುಕಳಿಸಿದರೆ ಸೋತೆ ಅನ್ನಬೇಕಾಗುತ್ತದೆ, ಆಗ ಯಾರಿಗೂ ಹೇಳದೆ ಮುಚ್ಚಿಡುವ ಮನಸ್ಸಾಗುತ್ತದೆ.

ಕೆಲಸದ ಜಾಗದಲ್ಲಿ ಹೇಳಬೇಕಾ?

ರಜೆ ಬೇಕಾದರೆ, ಕೆಲಸದ ಹೊತ್ತು ಬದಲಾಗಬೇಕಾದರೆ, ಅದಕ್ಕೆ ಬೇಕಾದಷ್ಟು ಹೇಳಿ. "ವೈದ್ಯರ ಸಲಹೆಯಂತೆ ಎರಡು ತಿಂಗಳು ರಾತ್ರಿ ಪಾಳಿ ಬೇಡ" ಅನ್ನುವುದರಲ್ಲಿ ಕಾಯಿಲೆಯ ಹೆಸರಿಲ್ಲ. ಆದರೆ ವಿಮೆಯ ಅರ್ಜಿ ಬೇರೆ ಮಾತು. ಅಲ್ಲಿ ಕೇಳಿದ ಪ್ರಶ್ನೆಗೆ ಮುಚ್ಚಿಟ್ಟು ಉತ್ತರ ಕೊಟ್ಟರೆ ಮುಂದೆ ಕ್ಲೇಮ್ ತಿರಸ್ಕಾರ ಆಗಬಹುದು. ಮೂರು ಬಣ್ಣದ ಪೆನ್ನು ಅಲ್ಲಿ ನಡೆಯುವುದಿಲ್ಲ.

ಜಾಸ್ತಿ ಹೇಳಿಬಿಟ್ಟೆ. ಈಗ ಹೊಟ್ಟೆಯಲ್ಲಿ ಸಂಕಟ. ಏನು ಮಾಡಲಿ?

ಆ ರಾತ್ರಿಯೇ ಏನೂ ಮಾಡಬೇಡಿ. ಒಂದೆರಡು ದಿನ ಸಂಕಟ ಎಲ್ಲರಿಗೂ ಆಗುತ್ತದೆ, ಸರಿಯಾಗಿ ಹೇಳಿದವರಿಗೂ ಆಗುತ್ತದೆ. ಮೂರನೇ ದಿನವೂ ಅದೇ ವಾಕ್ಯ ತಲೆಯಲ್ಲಿ ಸುತ್ತುತ್ತಿದ್ದರೆ, ಅದು ಎಲ್ಲಿ ಉಳಿದಿದೆ ನೋಡಿ. ಬರಹವಾಗಿದ್ದರೆ, ವಿಡಿಯೊ ಆಗಿದ್ದರೆ ಆ ಭಾಗ ತೆಗೆಯಲು ಕೇಳಿ. ಕೇಳುವಾಗ ಯಾಕೆ ಅಂತ ಉದ್ದಕ್ಕೆ ವಿವರಿಸಿದರೆ ಅದೇ ಇನ್ನೊಂದು ಕಥೆಯಾಗುತ್ತದೆ. "ಮೂರನೇ ನಿಮಿಷದಿಂದ ನಾಲ್ಕನೇ ನಿಮಿಷದವರೆಗೆ ತೆಗೆದುಬಿಡಿ" ಅಂದರೆ ಸಾಕು. ಬಾಯಿಮಾತಾಗಿದ್ದರೆ ಕೇಳಿದವರಲ್ಲಿ ಹತ್ತಿರದವರಿಗೆ "ಅದೊಂದು ನಿಮ್ಮಲ್ಲೇ ಇರಲಿ" ಅನ್ನಿ. ಹೆಚ್ಚಿನವರು ಉಳಿಸಿಕೊಳ್ಳುತ್ತಾರೆ. ಎಲ್ಲರೂ ಅಲ್ಲ.

ಒಂದು ಸಲ ಹೇಳಿದ್ದನ್ನು ಮುಂದಿನ ಸಲವೂ ಹೇಳಬೇಕಾಗಿಲ್ಲ. "ಹೋದ ಸಲ ಹೇಳಿದ್ರಲ್ಲ" ಅಂತ ಯಾರಾದರೂ ಅಂದರೆ, "ಹೌದು, ಈಗ ಹೇಳುವುದಿಲ್ಲ" ಅನ್ನಬಹುದು. ಮೊದಲ ಸಲ ಅನ್ನುವಾಗ ನನ್ನ ಧ್ವನಿ ನಡುಗಿತ್ತು.

ನಿಮಗೆ ಅದು ಶುರುವಾಗಿದ್ದು ಯಾಕೆ? ಅಷ್ಟಕ್ಕೂ ಏನಾಯ್ತು?

ಅದನ್ನು ನಾನು ಹೇಳುವುದಿಲ್ಲ. ಮಾತ್ರೆಯ ಬಗ್ಗೆ ಕೇಳಿ, ಹೇಳುತ್ತೇನೆ.